ಹಾಲಿನ ತಕ್ಕಡಿಯ ಮೇಲೊಂದು ಬ್ಯಾಟು

ಕೊಯ್ಲು ಮುಗಿದು ಎರಡು ವಾರ ಕಳೆದಿತ್ತು. ಹೊಲಗಳಲ್ಲಿ ಕೂಳೆ ಮಾತ್ರ ಉಳಿದಿತ್ತು; ಕೆಲಸವಿಲ್ಲದ ದನಗಳು ಅದನ್ನು ಮೂಸುತ್ತ, ಬೇಡವೆನಿಸಿದ್ದನ್ನು ಬಿಡುತ್ತ ನಿಧಾನವಾಗಿ ಸಾಗುತ್ತಿದ್ದವು. ಬೆಳಗಿನ ಆರು ಗಂಟೆಯ ಚಳಿಯಲ್ಲಿ ಹಾಲಿನ ಕೇಂದ್ರದ ಮುಂದೆ ಸಾಲು ನಿಂತವರ ಬಾಯಿಂದಲೂ ಅವರ ಕೈಯ ಕ್ಯಾನುಗಳಿಂದಲೂ ಒಂದೇ ಬಗೆಯ ಹಬೆ ಏಳುತ್ತಿತ್ತು. ಒಳಗೆ ತಕ್ಕಡಿಯ ಹಿಂದೆ ಕುಳಿತವನು ಒಂದೊಂದೇ ಕ್ಯಾನನ್ನು ತಟ್ಟೆಯ ಮೇಲೆ ಇಡಿಸಿಕೊಂಡು, ಖಾಲಿ ಕ್ಯಾನಿನ ತೂಕ ಕಳೆದು, ಕೆಂಪು ಅಂಕಿ ಅಲುಗಾಡದೆ ನಿಲ್ಲುವವರೆಗೆ ಕಾದು, ಅದನ್ನು ಗಟ್ಟಿಯಾಗಿ ಓದುತ್ತಿದ್ದ.

ಇಪ್ಪತ್ತೆರಡು ವರ್ಷ ಹೀಗೆ ಗ್ರಾಂ, ಗ್ರಾಂ ಎಂದು ಓದಿ ಓದಿ ಅವನ ಹೆಸರೇ ಗ್ರಾಮಣ್ಣ ಎಂದಾಗಿಬಿಟ್ಟಿತ್ತು. ಹೊರಗಿನವರು ಆ ಹೆಸರು ಕೇಳಿ, ಇವನು ಗ್ರಾಮದ ಹಿರಿಯನಿರಬೇಕೆಂದು ಜಗಳ ಬಿಡಿಸಿಕೊಳ್ಳಲು ಬರುವುದಿತ್ತು. ಅವನೂ ಇಲ್ಲವೆನ್ನದೆ ಹೋಗುತ್ತಿದ್ದ. ಹಳೆಯ ಜಗಳ ಹಾಗೇ ಇಟ್ಟು, ಅದರ ಪಕ್ಕ ಹೊಸದೊಂದನ್ನು ನೆಟ್ಟು ಬರುತ್ತಿದ್ದ. ತೂಕದ ವಿಷಯದಲ್ಲಿ ಮಾತ್ರ ಅವನ ಮಾತಿಗೆ ಎದುರಿರಲಿಲ್ಲ. ಕೈಯಲ್ಲಿ ಎತ್ತಿ ನೋಡಿ ಇಷ್ಟೇ ತೂಕ ಎಂದು ಹೇಳಿ, ಆಮೇಲೆ ತಕ್ಕಡಿಗೆ ಹಾಕಿ ಸಾಬೀತು ಮಾಡುವುದು ಅವನಿಗೆ ಚಟ. ಸಾಬೀತಾಗದ ದಿನ ತಕ್ಕಡಿಯ ಕಾಲ ಕೆಳಗೆ ಕಲ್ಲು ಸಿಕ್ಕಿಕೊಂಡಿದೆಯೇ ಎಂದು ಬಗ್ಗಿ ನೋಡುತ್ತಿದ್ದ.

ಆ ಬೆಳಿಗ್ಗೆ ಸಾಲಿನಲ್ಲಿ ಹಾಲಿಗಿಂತ ಹಿಂದಿನ ದಿನದ ಕ್ರಿಕೆಟ್ ಆಟದ ಮಾತೇ ಜಾಸ್ತಿಯಿತ್ತು.

"ಟೆನಿಸ್ ಬಾಲಲ್ಲಿ ನಮ್ಮ ಕೀಪರ್ ಹುಡುಗಿ ಹುಲಿ ಕಣಪ್ಪ," ಎಂದ ಟ್ರ್ಯಾಕ್ಟರ್ ಡ್ರೈವರು. ಅವನು ಊರ ತಂಡದ ವೇಗದ ಬೌಲರು. ವೇಗ ಹೋಗಿ ಐದು ವರ್ಷವಾಗಿದ್ದರೂ ಬಿರುದು ಉಳಿದಿತ್ತು. "ಲೆದರ್ ಬಾಲ್ ಬಂತು ನೋಡು, ಕೈಯೇ ಏಳಲಿಲ್ಲ. ನಾಲ್ಕು ರನ್ನಿಗೆ ಸುಲಭದ ಕ್ಯಾಚು ಕೊಟ್ಟು ಬಂದಳು."

"ಅದು ಬೇರೇನೇ ಆಟ ಬಿಡು," ಎಂದಿತು ಸಾಲಿನ ಹಿಂದಿನಿಂದ ಒಂದು ದನಿ.

ಗ್ರಾಮಣ್ಣ ತಲೆ ಎತ್ತಲಿಲ್ಲ. ಕೀಪರ್ ಹುಡುಗಿ ಎಂದರೆ ಅವನ ಅಕ್ಕನ ಮಗಳು. ಹತ್ತೊಂಬತ್ತು ತುಂಬಿದ್ದರೂ ಮನೆಯಲ್ಲಿ ಇನ್ನೂ ಪಾಪು. ಪಟ್ಟಣದ ಕ್ಲಬ್ಬಿನವರು ಹೆಂಗಸರ ಲೆದರ್ ಬಾಲ್ ತಂಡ ಕಟ್ಟುತ್ತಿದ್ದರು. ಮೂರು ವಾರಕ್ಕೆ ಆಯ್ಕೆಯ ದಿನ. ಅವಳ ಕಾಲೇಜಿನ ಕೋಚು ತನ್ನ ಹಳೆಯ ಬ್ಯಾಟೊಂದನ್ನು ಅವಳಿಗೆ ಕೊಟ್ಟು, "ಇದರಲ್ಲಿ ಅಭ್ಯಾಸ ಮಾಡು" ಎಂದಿದ್ದಳು. ಹಿಂದಿನ ದಿನದ ಆಟ ಆ ಅಭ್ಯಾಸಕ್ಕೆಂದೇ ಇಟ್ಟದ್ದು. ಅಂಪೈರು ಗ್ರಾಮಣ್ಣನೇ. ಅವಳು ಔಟಾದಾಗ ಬೆರಳೆತ್ತುವ ಅಗತ್ಯವಿರಲಿಲ್ಲ, ಕ್ಯಾಚು ಎಲ್ಲರಿಗೂ ಕಂಡಿತ್ತು. ಆದರೂ ಎತ್ತಿದ್ದ.

ಸಾಲಿನ ಕೊನೆಗೆ ಅವಳೇ ಬಂದಳು. ಒಂದು ಕೈಯಲ್ಲಿ ಅಮ್ಮನ ಹಾಲಿನ ಕ್ಯಾನು, ಇನ್ನೊಂದರಲ್ಲಿ ಬ್ಯಾಟು. ಕ್ಯಾನನ್ನು ಕೆಳಗಿಟ್ಟು ಬ್ಯಾಟನ್ನು ತಟ್ಟೆಯ ಮೇಲೆ ಅಡ್ಡ ಮಲಗಿಸಿದಳು.

"ಓದು ಮಾವ."

"ಇದು ಹಾಲಿನ ತಕ್ಕಡಿ ಪಾಪು."

"ಹಾಲು ಅಂತ ಅದಕ್ಕೇನು ಗೊತ್ತು? ಓದು."

ಅಂಕಿ ನಿಂತಿತು. ಓದದೆ ಬೇರೆ ದಾರಿ ಇರಲಿಲ್ಲ. "ಒಂದು ಕಿಲೋ, ಇನ್ನೂರ ಅರವತ್ತು ಗ್ರಾಂ."

"ಕೋಚು ಹಿಡಿಯ ಹತ್ತಿರ ಪೆನ್ಸಿಲಲ್ಲಿ ಬರೆದಿದ್ದಾರೆ. ಸಾವಿರದ ನೂರ ಎಪ್ಪತ್ತು. ಹತ್ತು ದಿನದ ಹಿಂದೆ ಇಲ್ಲೇ ತೂಗಿದಾಗಲೂ ನೀನು ಅಷ್ಟೇ ಓದಿದ್ದೆ. ತೊಂಬತ್ತು ಗ್ರಾಂ ಎಲ್ಲಿಂದ ಬಂತು?"

ಎಲ್ಲರ ಕಣ್ಣೂ ಅವನ ಮೇಲೆ. ಎಲ್ಲಿಂದ ಬಂತೆಂದು ಅವನಿಗೆ ಗೊತ್ತಿತ್ತು. ಬ್ಯಾಟಿಗೆ ಎಣ್ಣೆ ಹಾಕಬೇಕೆಂದು ಕೋಚು ಹೇಳಿದ್ದನ್ನು ಪಾಪು ಅವನಿಗೆ ಹೇಳಿ, "ಈ ವಾರ ನನಗೆ ಪರೀಕ್ಷೆ, ಸ್ವಲ್ಪ ಹಾಕಿಡು ಮಾವ" ಎಂದು ಒಪ್ಪಿಸಿದ್ದಳು. ಸ್ವಲ್ಪ ಎಂದರೆ ಎಷ್ಟು? ಅಳತೆಯಿಲ್ಲದ ಮಾತು ಅವನಿಗೆ ಅರ್ಥವಾಗುವುದಿಲ್ಲ. ಬಾಯಾರಿದ ಎಮ್ಮೆಗೆ ಯಾರಾದರೂ ಚಮಚದಲ್ಲಿ ನೀರು ಕುಡಿಸುತ್ತಾರೆಯೇ? ಎಮ್ಮೆಯ ಹೊಟ್ಟೆಯುಬ್ಬರಕ್ಕೆಂದು ಅಕ್ಕ ಇಟ್ಟಿದ್ದ ಅಗಸೆ ಎಣ್ಣೆಯನ್ನೆಲ್ಲ ಒಂದು ಹಾಲಿನ ಕ್ಯಾನಿಗೆ ಸುರಿದು, ಬ್ಯಾಟನ್ನು ಅದರಲ್ಲಿ ಕಾಲೂರಿ ನಿಲ್ಲಿಸಿ, "ಕುಡಿ, ಎಷ್ಟು ಬೇಕೋ ಅಷ್ಟು ಕುಡಿ" ಎಂದು ಬೆಳಗಾಗುವವರೆಗೂ ಬಿಟ್ಟಿದ್ದ. ಬ್ಯಾಟು ಹೇಳಿದಂತೆ ಕೇಳಿತ್ತು. ಮರದ ತುದಿಯ ತೆರೆದ ಎಳೆಗಳು ಬತ್ತಿಯಂತೆ ಎಣ್ಣೆ ಹೀರಿ, ಅಡಿಯ ಮರ ನೆನೆದ ರೊಟ್ಟಿಯಂತಾಗಿತ್ತು. ಹಿಂದಿನ ದಿನ ಚೆಂಡು ತಾಗಿದಾಗ ಬಂದ ಸದ್ದು ಬ್ಯಾಟಿನದಲ್ಲ, ಹಸಿ ಗೋಡೆಗೆ ಸಗಣಿ ತಟ್ಟಿದ ಸದ್ದು.

"ಚಳಿ ನೋಡು," ಎಂದ ಅವನು. "ಇಬ್ಬನಿಗೆ ಮರ ನೀರು ಕುಡಿಯುತ್ತೆ. ಮರದ ಜಾತಿಯೇ ಸರಿ ಇಲ್ಲ ಅನ್ಸುತ್ತೆ."

ಪಾಪು ಬ್ಯಾಟಿನ ಅಡಿಯನ್ನು ಮೂಗಿನ ಹತ್ತಿರ ತಂದು ಮೂಸಿದಳು. ಮಾವನನ್ನು ನೋಡಿದಳು. ಬ್ಯಾಟನ್ನು ಅವನ ಕುರ್ಚಿಯ ಹಿಂದೆ ಒರಗಿಸಿ, ಕ್ಯಾನನ್ನು ಮೇಲಿಟ್ಟು, "ಹಾಲು ತೂಗು" ಎಂದಳು.

*

ಮಧ್ಯಾಹ್ನ ಅವನು ಅಕ್ಕನ ಮನೆಗೆ ಹೋಗಿ, ಅಕ್ಕ ಕೊಟ್ಟಿಗೆಯಲ್ಲಿದ್ದಾಳೆಂದು ಖಾತ್ರಿ ಮಾಡಿಕೊಂಡು, ಹಿತ್ತಿಲಲ್ಲಿ ಬಟ್ಟೆ ಒಣಗಿಸುತ್ತಿದ್ದ ಪಾಪುವಿನ ಹತ್ತಿರ ನಿಂತ.

"ಎಣ್ಣೆ ಸ್ವಲ್ಪ ಜಾಸ್ತಿ ಆಯ್ತು," ಎಂದ.

"ಎಷ್ಟು ಜಾಸ್ತಿ?"

"ಒಂದು ಕ್ಯಾನು."

ಅವಳು ಒದ್ದೆ ಬಟ್ಟೆಯನ್ನು ಎರಡು ಸಲ ಕೊಡವಿದಳು. ಎರಡನೆಯದು ಬೇಕಿರಲಿಲ್ಲ.

"ಹೊಸದು ಕೊಡಿಸ್ತೀನಿ ಪಾಪು. ಒಳ್ಳೇದು. ಮೊದಲನೇ ದರ್ಜೆಯದು."

"ಅದು ಒಂದಾಯ್ತು. ಇನ್ನೊಂದು?"

"ಇನ್ನೊಂದು ಏನು?"

"ಲೆದರ್ ಬಾಲಿಗೆ ನನ್ನ ಕೈ ಏಳಲ್ಲ ಅಂತ ಊರೆಲ್ಲ ಹೇಳ್ತಿದೆ. ಆ ಬ್ಯಾಟಲ್ಲಿ ಯಾರ ಕೈಯೂ ಏಳ್ತಿರಲಿಲ್ಲ. ನಿನಗೆ ಗೊತ್ತಿತ್ತು. ಬೆರಳೆತ್ತಿಕೊಂಡು ನಿಂತಿದ್ದೆ. ಇವತ್ತು ಬೆಳಿಗ್ಗೆ ಇಬ್ಬನಿ ಅಂದೆ." ಅವಳ ದನಿ ಏರಿರಲಿಲ್ಲ, ಏರಿದ್ದರೆ ಅವನಿಗೆ ಹಗುರವಾಗುತ್ತಿತ್ತು. "ಅದೇ ಸಾಲಿನ ಮುಂದೆ, ಅದೇ ಕುರ್ಚಿಯಲ್ಲಿ ಕೂತು ಹೇಳು. ಅಲ್ಲೀವರೆಗೆ ನೀನು ಕೊಡಿಸೋ ಬ್ಯಾಟು ನಂದಲ್ಲ, ಕೈಗಡ."

"ಹೇಳ್ತೀನಿ," ಎಂದ. ನಾಳೆ ಎಂದು ಹೇಳಲಿಲ್ಲ, ಅವಳೂ ಕೇಳಲಿಲ್ಲ.

*

ಮಾರನೆಯ ದಿನವೇ ಅವನು ಒಬ್ಬನೇ ಪಟ್ಟಣಕ್ಕೆ ಹೋದ. ಪಾಪುವನ್ನು ಕರೆದೊಯ್ಯಬೇಕೆಂದು ಹೊಳೆಯಲಿಲ್ಲ. ಹೊಳೆದಿದ್ದರೂ, ತೂಕ ಬಲ್ಲವನು ತಾನಿರುವಾಗ ಅವಳ ಒಂದು ದಿನ ಯಾಕೆ ಹಾಳು ಎಂದುಕೊಳ್ಳುತ್ತಿದ್ದ. ಚೀಲದಲ್ಲಿ ಬ್ಯಾಟರಿಯಲ್ಲಿ ನಡೆಯುವ ಪುಟ್ಟ ತಕ್ಕಡಿಯಿತ್ತು.

ಬ್ಯಾಟಿನ ಅಂಗಡಿ ಗಲ್ಲಿಯ ಕೊನೆಯಲ್ಲಿತ್ತು. ಮುಂದೆ ಮಾರಾಟ, ಹಿಂದೆ ಕೆತ್ತನೆ. ನೆಲದ ತುಂಬ ಮರದ ಸಿಪ್ಪೆ. ಅಂಗಡಿಯಾಕೆಗೆ ಐವತ್ತೈದರ ಆಸುಪಾಸು. ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು, ಮೊಣಕಾಲ ನಡುವೆ ಬ್ಯಾಟೊಂದನ್ನು ಹಿಡಿದು ಅದರ ಬೆನ್ನು ಹೆರೆಯುತ್ತಿದ್ದಳು.

"ಟೆನಿಸ್‌ಗೋ, ಲೆದರ್‌ಗೋ?" ಎಂದಳು ತಲೆ ಎತ್ತದೆ.

"ಲೆದರ್. ಆದರೆ ಟೆನಿಸ್‌ನಲ್ಲಿ ಇಪ್ಪತ್ತೈದು ವರ್ಷದ ಅನುಭವ ಇದೆ."

"ಬ್ಯಾಟಿಗಾ?"

"ನನಗೆ."

"ಹಾಗಾದ್ರೆ ಅದನ್ನ ಸ್ವಲ್ಪ ಹೊತ್ತು ಹೊರಗೆ ಬಿಟ್ಟು ಬನ್ನಿ ಅಣ್ಣ," ಎಂದು ಆಕೆ ಹೆರೆಯುತ್ತಿದ್ದುದನ್ನು ತೋರಿಸಿದಳು. "ಇದು ಟೆನಿಸ್‌ದು. ಕಾಶ್ಮೀರ್ ವಿಲ್ಲೋ ಮರ. ಚೆಂಡು ಹಗುರ, ಹೊಡೆತ ಎಲ್ಲಾ ಬ್ಯಾಟು ಬೀಸೋ ವೇಗದಲ್ಲಿರುತ್ತೆ. ಅದಕ್ಕೆ ಬೆನ್ನು ಕೊರೆದು ತೂಕ ಕಿಲೋ ಹತ್ತಿರಕ್ಕೆ ಇಳಿಸಿ, ಕೆಳಗೆ ದಪ್ಪ ಬಿಡ್ತೀವಿ. ಚೆಂಡಿನ ಅಡಿಗೆ ಬೀಸಿ ಎತ್ತಿ ಹೊಡೆಯೋರಿಗೆ ಸರಿ. ಇದರಲ್ಲಿ ಲೆದರ್ ಹೊಡೆದ್ರೆ ಒಂದೇ ದಿನಕ್ಕೆ ಮುಖ ಸೀಳುತ್ತೆ, ಮರಾನ ಯಂತ್ರದಲ್ಲಿ ಗಟ್ಟಿಯಾಗಿ ಒತ್ತಿರಲ್ಲ. ಲೆದರ್‌ಗೆ ಅಂದ್ರೆ ಆ ಗೋಡೆ. ಇಂಗ್ಲಿಷ್ ವಿಲ್ಲೋ. ಆಡೋರು ಯಾರು? ಬಂದಿಲ್ವಾ?"

"ಅಕ್ಕನ ಮಗಳು. ಕ್ಲಬ್ಬಿನ ಆಯ್ಕೆಗೆ ಹೋಗ್ತಾಳೆ. ನಾನು ಹಾಲಿನ ಕೇಂದ್ರದವನು, ಅವಳ ಬ್ಯಾಟಿನ ತೂಕ ನನಗೆ ಗೊತ್ತು. ಸಾವಿರದ ನೂರ ಎಪ್ಪತ್ತಕ್ಕಿಂತ ಒಂದು ಗ್ರಾಂ ಜಾಸ್ತಿ ಇರಬಾರದು."

ಆಕೆ ಕನ್ನಡಕವನ್ನು ಕಣ್ಣಿಗೆ ಇಳಿಸಿ ಅವನನ್ನು ಒಂದು ಸಲ ಪೂರ್ತಿ ನೋಡಿದಳು. "ಬ್ಯಾಟು ಅಂದ್ರೆ ಚಪ್ಪಲಿ ಇದ್ದ ಹಾಗೆ ಅಣ್ಣ. ಹಾಕೋರು ಬಂದ್ರೆ ಒಳ್ಳೇದು."

ಆ ಹೊತ್ತಿಗೆ ಅವನು ಚೀಲದಿಂದ ತಕ್ಕಡಿ ತೆಗೆದು ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟಾಗಿತ್ತು. ಗೋಡೆಯಲ್ಲಿದ್ದ ಹದಿನಾಲ್ಕು ಬ್ಯಾಟುಗಳನ್ನೂ ಇಳಿಸಿ ತೂಗಿದ. ಕೊನೆಗೆ ಸಿಕ್ಕಿತು: ಮೊದಲನೇ ಗ್ರೇಡು, ಬೆಣ್ಣೆಯಂಥ ಬಣ್ಣ, ಮುಖದ ಮೇಲೆ ಬಾಚಣಿಗೆಯಲ್ಲಿ ಎಳೆದಂತೆ ಹನ್ನೊಂದು ನೇರ ಗೆರೆ, ಒಂದು ಚುಕ್ಕೆಯೂ ಇಲ್ಲ. ತೂಕ ಸಾವಿರದ ನೂರ ಇಪ್ಪತ್ತು. ಎರಡು ಕೈಯಲ್ಲಿ ಹಿಡಿದು ತನ್ನ ಟೆನಿಸ್ ಬಾಲ್ ಬೀಸನ್ನು ಒಮ್ಮೆ ಬೀಸಿದ. ಅಡಿ ಸೊಗಸಾಗಿ ಮುಂದಕ್ಕೆ ಹೋಯಿತು. ಅದರ ಹಿಂದೆ ಅವನೂ ಒಂದು ಹೆಜ್ಜೆ ಹೋದ.

"ಇದು," ಎಂದ.

"ಆಯ್ತು. ಮುಖದ ಮೇಲಿನ ಪ್ಲಾಸ್ಟಿಕ್ ತೆಗೀಬೇಡಿ, ಚೆಂಡು ತಾಗಿಸಬೇಡಿ," ಎಂದಳು ಆಕೆ ಕಟ್ಟಿಕೊಡುತ್ತ. "ಆಡೋರು ಎತ್ತಿ ನೋಡಲಿ. ಈ ಗಲ್ಲಿ ಎಲ್ಲೂ ಹೋಗಲ್ಲ."

ದಾರಿಯುದ್ದಕ್ಕೂ ಬಸ್ಸಿನಲ್ಲಿ ಬ್ಯಾಟನ್ನು ಮಗುವಿನಂತೆ ತೊಡೆಯ ಮೇಲೆ ಮಲಗಿಸಿಕೊಂಡು ಬಂದ. ಪಕ್ಕದವನು ಕೇಳದಿದ್ದರೂ ಗೆರೆ ಎಣಿಸಿ ತೋರಿಸಿದ.

*

ಪಾಪು ಬ್ಯಾಟನ್ನು ನೋಡಿ, "ಚೆನ್ನಾಗಿದೆ" ಎಂದಳು. ಸಂಬಂಧಿಕರ ಮನೆಯ ಮಗುವನ್ನು ಚೆನ್ನಾಗಿದೆ ಎನ್ನುವ ಹಾಗೆ. ಆಮೇಲೆ ಅಂಗಳದಲ್ಲಿ ನಿಂತು, ಚೆಂಡಿಲ್ಲದೆ, ಎದೆಯ ಎತ್ತರಕ್ಕೆ ಬಂದ ಚೆಂಡನ್ನು ಎಡಕ್ಕೆ ಎಳೆದು ಹೊಡೆಯುವವಳಂತೆ ಬೀಸಿದಳು. ಇನ್ನೊಮ್ಮೆ. ಮತ್ತೊಮ್ಮೆ. ಮೂರನೆಯ ಸಲ ಅವಳ ಮೈ ತಿರುಗಿ ಮುಗಿದ ಮೇಲೆ ಬ್ಯಾಟು ಬಂದು ಸೇರಿಕೊಂಡಿತು.

"ಭಾರ ಮಾವ."

"ಭಾರ?" ಅವನಿಗೆ ಇದಕ್ಕಿಂತ ದೊಡ್ಡ ಬೈಗುಳ ಇರಲಿಲ್ಲ. "ಸಾವಿರದ ನೂರ ಇಪ್ಪತ್ತು. ನಿನ್ನ ಹಳೇದಕ್ಕಿಂತ ಐವತ್ತು ಗ್ರಾಂ ಕಮ್ಮಿ. ಬೇಕಾದ್ರೆ ಕೇಂದ್ರಕ್ಕೆ ನಡಿ, ದೊಡ್ಡ ತಕ್ಕಡೀಲಿ ಹಾಕ್ತೀನಿ."

"ತಕ್ಕಡಿ ಪುಲ್ ಶಾಟ್ ಆಡುತ್ತಾ?"

ಕೊಟ್ಟಿಗೆಯಿಂದ ಅಕ್ಕ ನಕ್ಕಳು. "ಲೋ, ಆಡೋಳು ಭಾರ ಅಂತಿದ್ದಾಳೆ. ನೀನು ಅಲ್ಲ ಅಂತ ವಾದ ಮಾಡ್ತೀಯಲ್ಲ, ನಿನ್ನ ಕೈಯಲ್ಲಾ ಅದು ಇರೋದು?"

ಅವನು ಒಪ್ಪಲಿಲ್ಲ. ಆ ರಾತ್ರಿ ಊಟಕ್ಕೆ ಮುಂಚೆ ಬ್ಯಾಟನ್ನು ನಾಲ್ಕು ಸಲ ತೂಗಿದ. ನಾಲ್ಕು ಸಲವೂ ತಕ್ಕಡಿ ಅವನ ಪರವಾಗಿಯೇ ಸಾಕ್ಷಿ ಹೇಳಿತು.

*

ಮರುದಿನ ಮಾವ, ಸೊಸೆ ಇಬ್ಬರೂ ಅಂಗಡಿಗೆ ಹೋದರು. ಹಿಡಿಯ ರಬ್ಬರು ಬದಲಿಸಿಕೊಳ್ಳಲು ಬಂದ ಇಬ್ಬರು ಆಟಗಾರರು ಬೆಂಚಿನ ಮೇಲೆ ಕುಳಿತಿದ್ದರು. ಅಂಗಡಿಯಾಕೆ ಪಾಪುವನ್ನು ನೋಡಿ, ಕಟ್ಟಿದ್ದ ಬ್ಯಾಟನ್ನು ನೋಡಿ, "ಪಿಕಪ್ಪಾ?" ಎಂದಷ್ಟೇ ಕೇಳಿದಳು.

"ಹ್ಞೂಂ. ಎತ್ತಿದ್ರೆ ಅಡಿ ಬೀಳುತ್ತೆ," ಎಂದಳು ಪಾಪು.

"ಅಡಿ ಎಲ್ಲಿ ಬೀಳುತ್ತಮ್ಮ?" ಗ್ರಾಮಣ್ಣ ಮಧ್ಯೆ ಬಂದ. "ಈ ಅಂಗಡಿಯಲ್ಲೇ ಎಲ್ಲಕ್ಕಿಂತ ಹಗುರ ಇದು. ನಾನೇ ತೂಗಿದೀನಿ."

"ನೀವು ತಕ್ಕಡಿಯವರಲ್ವಾ, ಒಂದು ಕೆಲಸ ಮಾಡೋಣ." ಆಕೆ ಹೆಗಲ ಮೇಲಿನ ಟವೆಲನ್ನು ತೆಗೆದಳು. "ಕಣ್ಣು ಕಟ್ಟಿಕೊಳ್ಳಿ. ಎರಡು ಬ್ಯಾಟು ಕೊಡ್ತೀನಿ. ಯಾವುದು ಹಗುರ ಅಂತ ಹೇಳಿ."

ಇಂಥ ಆಹ್ವಾನಕ್ಕೆ ಅವನು ಹುಟ್ಟಿದಾಗಿನಿಂದ ಕಾಯುತ್ತಿದ್ದ. ಕಣ್ಣು ಕಟ್ಟಿಸಿಕೊಂಡು ನಿಂತ. ಮರದ ಸಿಪ್ಪೆಯ ವಾಸನೆ, ಬೆಂಚಿನವರ ಪಿಸುಮಾತು. ಆಕೆ ಅವನ ಎಡಗೈಯನ್ನು ಹಿಡಿಯ ಮೇಲುತುದಿಗೆ ಇಟ್ಟಳು. "ಮೇಲಿನ ಕೈ ಒಂದೇ. ಚೆಂಡು ಕಾಯೋ ಹಾಗೆ ಹಿಂದಕ್ಕೆ ಎತ್ತಿ. ಹತ್ತು ಎಣಿಸಿ."

ಮೊದಲನೆಯದನ್ನು ಎತ್ತಿದ. ಆರಕ್ಕೆ ಮಣಿಕಟ್ಟು ನಡುಗತೊಡಗಿತು. ಎಂಟಕ್ಕೆ ಬ್ಯಾಟಿನ ಮೂತಿ ಕೆಳಗೆ ಬಾಗಿತು. ಎರಡನೆಯದನ್ನು ಎತ್ತಿದ. ಹತ್ತು ಎಣಿಸಿದ. ಹದಿನೈದು ಎಣಿಸಿದ. ಸೊಕ್ಕಿನಿಂದ ಇಪ್ಪತ್ತೂ ಎಣಿಸಿದ.

"ಇದು ಹಗುರ. ಕಣ್ಣು ಕಟ್ಟೋದೇ ಬೇಕಿರಲಿಲ್ಲ. ಕಮ್ಮಿ ಅಂದ್ರೂ ನೂರು ಗ್ರಾಂ ವ್ಯತ್ಯಾಸ. ಎರಡನೇದೇ ನಂದು, ಸಾವಿರದ ನೂರ ಇಪ್ಪತ್ತು."

ಟವೆಲು ಬಿಚ್ಚಿ ನೋಡಿದರೆ ಅವನ ಕೈಯಲ್ಲಿದ್ದುದು ಯಾವುದೋ ಕಳಪೆ ಮುಖದ ಬ್ಯಾಟು. ಒಂದು ಅಂಚಿಗೆ ಕಂದು ಪಟ್ಟೆ. ಗೆರೆ ಏಳೇ ಏಳು, ಅದರಲ್ಲಿ ಎರಡು ಒಂದಕ್ಕೊಂದು ಅಂಟಿಕೊಂಡಿದ್ದವು. ಬುಡದ ಹತ್ತಿರ ಯಾರೋ ಚಹಾ ಚೆಲ್ಲಿದಂಥ ಕಲೆ. ಅವನ ಬೆಣ್ಣೆಯ ಸುಂದರಿ ಗೋಡೆಗೆ ಒರಗಿ ಮುಗ್ಧವಾಗಿ ನೋಡುತ್ತಿತ್ತು.

"ನಿಮ್ಮ ತಕ್ಕಡಿ ತಂದಿದೀರಾ?" ಎಂದಳು ಆಕೆ.

ತಂದಿದ್ದ. ಅದೇ ಸಂಕಟ. ಕಲೆಯ ಬ್ಯಾಟನ್ನು ಅವನೇ ಅದರ ಮೇಲೆ ಇಡಬೇಕಾಯಿತು, ಅವನೇ ಓದಬೇಕಾಯಿತು: "ಸಾವಿರದ ನೂರ ಎಂಬತ್ತು."

ಬೆಂಚಿನವರಲ್ಲೊಬ್ಬ ಕೆಮ್ಮಿದ. ಗ್ರಾಮಣ್ಣ ಅಭ್ಯಾಸಬಲದಿಂದ ಬಗ್ಗಿ ತಕ್ಕಡಿಯ ಕಾಲ ಕೆಳಗೆ ನೋಡಿದ.

"ಕಲ್ಲೇನೂ ಇಲ್ಲ ಮಾವ," ಎಂದಳು ಪಾಪು.

ಅಂಗಡಿಯಾಕೆ ನಗಲಿಲ್ಲ, ಅದಕ್ಕೆ ಅವನು ಆಮೇಲೂ ಆಕೆಗೆ ಕೃತಜ್ಞನಾಗಿದ್ದ. ಎರಡು ಬ್ಯಾಟುಗಳನ್ನೂ ಒಂದೊಂದಾಗಿ ಬೆರಳ ಮೇಲೆ ಅಡ್ಡ ಮಲಗಿಸಿ, ಎತ್ತಲೂ ವಾಲದೆ ನಿಲ್ಲುವ ಜಾಗವನ್ನು ತೋರಿಸಿದಳು. ಕಲೆಯ ಬ್ಯಾಟು ಹಿಡಿಯ ಕಡೆಗೆ ಎರಡು ಬೆರಳಗಲ ಮೇಲೆ ನಿಂತಿತು. "ನಿಮ್ಮದರಲ್ಲಿ ಹಿಡಿ ಕೆಳಗೆ, ಹೆಗಲ ಹತ್ತಿರ ಮರ ಕೆತ್ತಿ ತೆಗೆದು, ಅಡಿಯಲ್ಲಿ ಬಿಟ್ಟಿದಾರೆ. ಒಟ್ಟು ತೂಕ ಕಮ್ಮಿ, ಆದ್ರೆ ಇರೋದೆಲ್ಲ ಕೈಯಿಂದ ದೂರ. ಇದರಲ್ಲಿ ಜಾಸ್ತಿ ಇದೆ, ಕೈ ಹತ್ತಿರ ಇದೆ. ನೀವು ಹಾಲಿನವರು. ತುಂಬಿದ ಕ್ಯಾನನ್ನ ಮೈಗೆ ಒತ್ತಿಕೊಂಡು ಎತ್ತೋದಕ್ಕೂ ತೋಳು ಚಾಚಿ ಎತ್ತೋದಕ್ಕೂ ತಕ್ಕಡಿಯಲ್ಲಿ ವ್ಯತ್ಯಾಸ ಬರುತ್ತಾ?"

ಇಪ್ಪತ್ತೆರಡು ವರ್ಷ ದಿನಕ್ಕೆ ಎರಡು ಹೊತ್ತು ಕ್ಯಾನು ಎತ್ತಿದವನಿಗೆ ಇದನ್ನು ಮರದ ಅಂಗಡಿಯಾಕೆ ಹೇಳಬೇಕಾಯಿತು. ಅವನ ಸೊಂಟಕ್ಕೆ ಇದು ಎಂದೋ ಗೊತ್ತಿತ್ತು. ತಲೆಗೆ ಸುದ್ದಿ ಮುಟ್ಟಿರಲಿಲ್ಲ.

"ಹಿಡಿಗೆ ಇನ್ನೊಂದು ರಬ್ಬರು ಹಾಕಿದ್ರೆ?" ಎಂದ, ಸುಂದರಿಯನ್ನು ಬಿಡಲಾರದೆ. "ಮೇಲೆ ತೂಕ ಬಂದು ಸರಿಹೋಗಲ್ವಾ?"

"ಸ್ವಲ್ಪ ಸರಿಹೋದ ಹಾಗೆ ಅನ್ಸುತ್ತೆ. ಆದ್ರೆ ಹಿಡಿ ದಪ್ಪ ಆಗುತ್ತೆ. ಇವಳ ಕೈ ನೋಡಿ, ಎಷ್ಟಿದೆ." ಆಕೆ ಕಲೆಯ ಬ್ಯಾಟನ್ನು ಪಾಪುವಿಗೆ ಕೊಟ್ಟಳು. "ನಿಮ್ಮೂರಿಂದ ಆಯ್ಕೆಗೆ ಹೋಗ್ತಿದೀಯ ಅಂದ್ರೆ ಅಲ್ಲಿ ಚೆಂಡು ಎದೆಗೆ ಏಳುತ್ತಮ್ಮ. ಟೆನಿಸ್ ಚೆಂಡು ಎದ್ದರೂ ತೇಲಿಕೊಂಡು ಬರುತ್ತೆ, ಕಾದು ಬೀಸಬಹುದು. ಲೆದರ್ ಕಾಯಲ್ಲ."

ಪಾಪು ಬೀಸಿದಳು. ಮೈ ತಿರುಗುವಾಗಲೇ ಬ್ಯಾಟು ಜೊತೆಗಿತ್ತು. ಎರಡನೆಯ ಸಲ ಬೀಸಲಿಲ್ಲ.

"ಗ್ರೇಡು?" ಎಂದ ಗ್ರಾಮಣ್ಣ, ಕೊನೆಯ ಹುಲ್ಲುಕಡ್ಡಿ ಹಿಡಿದು.

"ಮೂರು. ಗ್ರೇಡು ಅಂದ್ರೆ ಮುಖದ ಅಂದಕ್ಕೆ ಕೊಡೋ ಮಾರ್ಕು ಅಣ್ಣ. ಗೆರೆ ನೇರ ಇದೆಯಾ, ಚುಕ್ಕೆ ಇದೆಯಾ, ಕಂದು ಇದೆಯಾ, ಇಷ್ಟು ನೋಡಿ ಹಾಕ್ತಾರೆ. ಒಳ್ಳೆ ಮರಕ್ಕೆ ಒಳ್ಳೆ ಮುಖ ಇರೋದೇ ಹೆಚ್ಚು, ಇಲ್ಲ ಅನ್ನಲ್ಲ. ಆದ್ರೆ ಚೆಂಡು ಮುಖ ನೋಡಿ ಓಡಲ್ಲ. ಗೆರೆ ಜಾಸ್ತಿ ಇದ್ದದ್ದು ಬೇಗ ಪಳಗುತ್ತೆ, ಬೇಗ ಸವೆಯುತ್ತೆ. ಕಮ್ಮಿ ಇದ್ದದ್ದು ಪಳಗೋಕೆ ಹೊತ್ತು ತಗೊಳ್ಳುತ್ತೆ, ಆದ್ರೆ ಬಹಳ ದಿನ ಬರುತ್ತೆ. ಈ ಕಲೆ ಮರ ಬೆಳೆಯುವಾಗ ಆದದ್ದು, ಬಿರುಕಲ್ಲ." ಆಕೆ ಮರದ ಕೊಡತಿಯಿಂದ ಎರಡರ ಮುಖಕ್ಕೂ ಮೆಲ್ಲಗೆ ತಟ್ಟಿದಳು. ಕಲೆಯದರಿಂದ ಕೊಡತಿ ತಾನಾಗಿ ಪುಟಿದು ಬಂತು. ಸುಂದರಿಯದೂ ಪುಟಿಯಿತು, ಸುಳ್ಳು ಹೇಳಬಾರದು. ಆದರೆ ಅಡಿಯಲ್ಲಿ ಮಾತ್ರ.

ಸುಂದರಿಯ ಮುಖದ ಪ್ಲಾಸ್ಟಿಕ್ ಹಾಗೇ ಇತ್ತಾದ್ದರಿಂದ ಆಕೆ ತಕರಾರಿಲ್ಲದೆ ವಾಪಸು ತೆಗೆದುಕೊಂಡಳು. ಅಗ್ಗದ ಬ್ಯಾಟು ಕೊಡಿಸಿದ ಮಾವನೆನ್ನಿಸಿಕೊಳ್ಳುವ ಅವಮಾನವೂ ಅವನ ಪಾಲಿಗೆ ಬಂತು. ಉಳಿದ ದುಡ್ಡಿಗೆ ಆಕೆ ಒಂದು ಕೊಡತಿಯನ್ನೂ ಚಿಕ್ಕ ಸೀಸೆಯಲ್ಲಿ ಅಗಸೆ ಎಣ್ಣೆಯನ್ನೂ ಕೊಟ್ಟಳು.

"ಎಣ್ಣೆ ಒಂದು ಚಮಚ," ಎಂದಳು. "ಮುಖಕ್ಕೂ ಅಂಚಿಗೂ ಬಟ್ಟೇಲಿ ತೆಳ್ಳಗೆ. ಹಿಡಿ ಸೇರೋ ಕಡೆ ಬೇಡ. ಮಲಗಿಸಿ ಒಣಗಿಸಿ, ಒಂದು ದಿನ ಬಿಟ್ಟು ಇನ್ನೊಂದು ಚಮಚ."

"ಚಮಚ," ಎಂದಳು ಪಾಪು ಮಾವನ ಕಡೆ ತಿರುಗಿ, ಕಿವುಡನಿಗೆ ಹೇಳುವಂತೆ ಬಾಯಿ ಅಗಲಿಸಿ. "ಕ್ಯಾನು ಅಲ್ಲ."

*

ಬ್ಯಾಟನ್ನು ಪಳಗಿಸುವ ಕೆಲಸವನ್ನು ಅವನು ಕೇಳಿ ತೆಗೆದುಕೊಂಡ. ಎಣ್ಣೆ ಒಣಗಿದ ಮೇಲೆ ದಿನಾ ಬೆಳಗಿನ ಹಾಲು ಹೋದಮೇಲೆ ಕೇಂದ್ರದ ಜಗುಲಿಯಲ್ಲಿ ಕೂತು ಕೊಡತಿಯಿಂದ ಅರ್ಧ ಗಂಟೆ ಟಕ್, ಟಕ್, ಟಕ್. ಮುಖದ ಮಧ್ಯಕ್ಕೆ ಮೊದಲು ಮೆಲ್ಲಗೆ, ದಿನ ಕಳೆದಂತೆ ಜೋರಾಗಿ. ಅಂಚುಗಳಿಗೆ ಓರೆಯಾಗಿ, ಮೂಲೆ ಗುಂಡಗಾಗುವ ಹಾಗೆ. ಅಡಿಯ ತುದಿಗೆ ಮಾತ್ರ ಒಂದೇಟೂ ಇಲ್ಲ. ಹನ್ನೆರಡು ದಿನ. ಮೊದಲ ದಿನಗಳಲ್ಲಿ ಮಂದವಾಗಿದ್ದ ಸದ್ದು ಎಂಟನೆಯ ದಿನಕ್ಕೆ ಬಿಚ್ಚಿಕೊಂಡಿತು. ಹತ್ತನೆಯ ದಿನ ಜಗುಲಿಯಾಚೆ ಮಲಗಿದ್ದ ನಾಯಿ ಏಟಿಗೊಮ್ಮೆ ಕಿವಿ ಎತ್ತತೊಡಗಿತು.

ಬ್ಯಾಟಿನ ಬಾಯಿ ಬಿಚ್ಚಿತು, ಅವನದು ಬಿಚ್ಚಲಿಲ್ಲ. ದಿನಾ ಬೆಳಿಗ್ಗೆ ಸಾಲಿನ ಮುಂದೆ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಎಲ್ಲರೂ ಕತ್ತೆತ್ತಿ ನೋಡುತ್ತಿದ್ದರು. ಅವನು ತೂಕ ಓದುತ್ತಿದ್ದ. ಅವನ ಗಂಟಲಿಗೆ ಏನೋ ಆಗಿದೆಯೆಂದು ಯಾರೋ ಬಿಸಿನೀರು ತಂದುಕೊಟ್ಟರು. ತಪ್ಪು ಹೇಳುವುದು ಕಷ್ಟವಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ತಕ್ಕಡಿಯ ಹಿಂದೆ ಕುಳಿತು ಹೇಳುವುದು ಕಷ್ಟ. ಇಂದು ಎಣ್ಣೆಯ ವಿಷಯ ಒಪ್ಪಿದರೆ ನಾಳೆ ಹಾಲಿನ ವಿಷಯವನ್ನು ಯಾರು ನಂಬುತ್ತಾರೆ? ಇದು ಒಳ್ಳೆಯ ಕಾರಣವೆಂದು ಅವನಿಗೆ ಅನ್ನಿಸುತ್ತಿತ್ತು. ಹನ್ನೆರಡು ದಿನವೂ ಒಂದೇ ಕಾರಣ ಅಷ್ಟು ಒಳ್ಳೆಯದಾಗಿ ಉಳಿದದ್ದರಿಂದ ಅವನಿಗೇ ಅದರ ಮೇಲೆ ಗುಮಾನಿ ಬಂತು.

ಆಯ್ಕೆಯ ದಿನ ಪಾಪು ಬ್ಯಾಟು ತೆಗೆದುಕೊಳ್ಳುವಾಗ, "ಕೈಗಡ," ಎಂದು ನೆನಪಿಸಿದಳು. ಅವನು ತಲೆಯಾಡಿಸಿದ.

ಮೈದಾನದ ತಂತಿ ಬೇಲಿಗೆ ಮೂಗು ಚುಚ್ಚಿಕೊಂಡು ನಿಂತ. ಅವಳಿಗೆ ಸಿಕ್ಕಿದ್ದು ನಾಲ್ಕು ಓವರು. ಮೊದಲ ಓವರಿನಲ್ಲಿ ಬರೀ ತಡೆದಳು. ಎರಡನೆಯದರಲ್ಲಿ ಉದ್ದನೆಯ ಬೌಲರೊಬ್ಬಳು ಓಡಿ ಬಂದು ಚೆಂಡನ್ನು ನೆಲಕ್ಕೆ ಕುಟ್ಟಿದಳು. ಅದು ಎದೆಗೆ ಎದ್ದಿತು. ಅವನು ಕಣ್ಣು ಮುಚ್ಚಿಕೊಂಡ. ಅದಕ್ಕೇ ಅವನಿಗೆ ಹೊಡೆತ ಕಾಣಲಿಲ್ಲ, ಕೇಳಿಸಿತು. ಹನ್ನೆರಡು ದಿನ ತನ್ನ ತೊಡೆಯ ಮೇಲೆ ಕೇಳಿದ ಅದೇ ಸದ್ದು, ಆದರೆ ಪೂರ್ತಿ ಬಾಯಿ ತೆರೆದು. ಕಣ್ಣು ಬಿಟ್ಟಾಗ ಚೆಂಡು ಎಡಗಡೆಯ ಬೇಲಿಯಿಂದ ವಾಪಸು ಬರುತ್ತಿತ್ತು. ಮುಂದೆಯೂ ಅಂಥದ್ದೇ ಎರಡು ಬಂದವು. ಒಂದನ್ನು ಹೊಡೆದಳು, ಇನ್ನೊಂದನ್ನು ತಪ್ಪಿದಳು. ಸಂಜೆ ಗೋಡೆಗೆ ಹಚ್ಚಿದ ಹದಿನೈದರ ಪಟ್ಟಿಯಲ್ಲಿ ಅವಳದು ಹನ್ನೆರಡನೆಯದು.

ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಕೂತಿದ್ದಳು. ಬ್ಯಾಟು ಇಬ್ಬರ ನಡುವೆ ನಿಂತಿತ್ತು, ಯಾರದೂ ಅಲ್ಲದ ಹಾಗೆ. "ಕೋಚು ಫೋನ್ ಮಾಡಿದ್ರು," ಎಂದಳು. "ಅವರ ಬ್ಯಾಟಲ್ಲೇ ಆಡಿದೆ ಅಂದ್ಕೊಂಡು ಖುಷಿಯಾಗಿದ್ದಾರೆ. ನಾನು ಏನೂ ಹೇಳಲಿಲ್ಲ. ನಿನ್ನ ರೋಗ ನನಗೂ ಅಂಟ್ತಾ ಇದೆ ಮಾವ."

*

ಮರುದಿನ ಬೆಳಿಗ್ಗೆ ಅವನು ಬಾಗಿಲು ತೆರೆಯುವ ಮೊದಲೇ ಕುರ್ಚಿಯ ಹಿಂದಿನ ಹಳೆಯ ಬ್ಯಾಟನ್ನು ಒರೆಸಿ ಸಿದ್ಧ ಮಾಡಿಕೊಂಡ. ಸಾಲು ಕೂಡಿತು. ಪಾಪು ಹೊಸ ಬ್ಯಾಟು ಹಿಡಿದು ಅಮ್ಮನ ಜೊತೆ ಕೊನೆಯಲ್ಲಿ ನಿಂತಿದ್ದಳು. ಮೊದಲ ಕ್ಯಾನು ತಟ್ಟೆಗೆ ಬರುವಷ್ಟರಲ್ಲಿ ಅವನು ಕೈ ಅಡ್ಡ ಹಿಡಿದ.

"ಒಂದು ತೂಕ ಬಾಕಿ ಇದೆ," ಎಂದ. ಹಳೆಯ ಬ್ಯಾಟನ್ನು ತಟ್ಟೆಯ ಮೇಲಿಟ್ಟ. "ಸಾವಿರದ ಇನ್ನೂರ ಅರವತ್ತು. ಇದರಲ್ಲಿ ತೊಂಬತ್ತು ಗ್ರಾಂ ಇಬ್ಬನಿ ಅಲ್ಲ. ಎಣ್ಣೆ. ನಾನೇ ಕ್ಯಾನಲ್ಲಿ ಮುಳುಗಿಸಿ ಇಟ್ಟಿದ್ದೆ. ಪಾಪು ಔಟಾಗಿದ್ದು ಅವಳ ಕೈಯಿಂದಲ್ಲ. ಬ್ಯಾಟು ಸತ್ತಿತ್ತು, ಕೊಂದಿದ್ದು ನಾನು. ಗೊತ್ತಿದ್ದೂ ಸುಮ್ಮನಿದ್ದೆ." ಇಷ್ಟು ಹೇಳಿ ಮುಗಿಸಬಹುದಿತ್ತು, ಆದರೆ ಬಾಯಿ ಒಮ್ಮೆ ತೆರೆದದ್ದು ಮುಚ್ಚಲಿಲ್ಲ. "ಇನ್ನೊಂದು, ಕಣ್ಣು ಕಟ್ಟಿದ್ರೆ ನನಗೆ ಯಾವುದು ಭಾರ ಯಾವುದು ಹಗುರ ಗೊತ್ತಾಗಲ್ಲ. ಅದೂ ಸಾಬೀತಾಗಿದೆ."

ಸಾಲಿನಲ್ಲಿ ಯಾರೂ ಬೆರಗಾಗಲಿಲ್ಲ. ಅದು ಅವನಿಗೆ ಸ್ವಲ್ಪ ನಿರಾಶೆ ತಂದಿತು.

"ಮೂರು ವಾರದಿಂದ ಈ ಕೇಂದ್ರದ ಹಿಂದಿನ ಮೂಲೆ ಅಗಸೆ ಎಣ್ಣೆ ನಾರ್ತಾ ಇದೆ ಗ್ರಾಮಣ್ಣ," ಎಂದಳು ಎರಡನೆಯವಳಾಗಿ ನಿಂತಿದ್ದ ಅಜ್ಜಿ. "ನಮ್ಮನೆ ಎಮ್ಮೆಗೂ ಗೊತ್ತು. ನೀನು ಯಾವತ್ತು ಕಕ್ಕುತೀಯ ಅಂತ ಕಾಯ್ತಿದ್ವಿ. ಬಿಸಿನೀರು ಕೊಟ್ಟಿದ್ದೂ ಅದಕ್ಕೇ."

ಟ್ರ್ಯಾಕ್ಟರ್ ಡ್ರೈವರಿಗೆ ಮಾತ್ರ ಗೊತ್ತಿರಲಿಲ್ಲ. ಅವನು ಸಾಲಿನಿಂದ ಹೊರಬಂದು ಹಳೆಯ ಬ್ಯಾಟನ್ನು ಒಂದು ಕೈಯಲ್ಲಿ ಎತ್ತಿ ನೋಡಿದ. ಪಾಪುವಿನ ಕೈಯಿಂದ ಹೊಸದನ್ನೂ ಇಸಿದುಕೊಂಡು ಎತ್ತಿದ. ಎರಡನ್ನೂ ಇಳಿಸಿದ.

"ನನ್ನ ಬಾಯಿ ಸ್ವಲ್ಪ ಮುಂದೆ ಓಡ್ತು ಕೀಪರಮ್ಮ," ಎಂದ. "ಇದರಲ್ಲಿ ನಾಲ್ಕು ರನ್ ಹೊಡೆದಿದ್ದೇ ಹೆಚ್ಚು."

"ನಿಮ್ಮ ಬೌಲಿಂಗ್ ಅಲ್ವಾ ಅಣ್ಣ, ಅದಕ್ಕೆ ಆಯ್ತು," ಎಂದಳು ಪಾಪು. ಹೊಸ ಬ್ಯಾಟನ್ನು ಅವನಿಂದ ವಾಪಸು ಪಡೆದು, ಈ ಸಲ ಕಂಕುಳಲ್ಲಿ ಇರುಕಿಕೊಂಡಳು. ಮಾವನನ್ನು ನೋಡಿ, "ಸರಿ. ಇದು ನಂದು," ಎಂದಳು. "ಕೋಚಿಗೆ ಇವತ್ತು ನಾನು ಹೇಳ್ತೀನಿ. ನಿನ್ನ ಹೆಸರು ಸೇರಿಸಿ."

"ತಾಳಿ, ತಾಳಿ," ಎಂದು ಅಕ್ಕ ಮುಂದೆ ಬಂದಳು. "ಕ್ಯಾನು ತುಂಬ ಎಣ್ಣೆ ಅಂದ್ಯಲ್ಲೋ, ಅದು ಯಾರ ಎಣ್ಣೆ? ನನ್ನದು ಚೆಲ್ಲಿಹೋಯ್ತು ಅಂತ ನೀನೇ ಅಂದಿದ್ದೆ."

ಗ್ರಾಮಣ್ಣ ಎದ್ದು ಹಿಂದಿನ ಮೂಲೆಗೆ ಹೋಗಿ, ಗೋಣಿಚೀಲ ಸರಿಸಿ, ಕ್ಯಾನನ್ನು ಮೈಗೆ ಒತ್ತಿಕೊಂಡು ಎತ್ತಿ ತಂದ. ತಟ್ಟೆಯ ಮೇಲಿಟ್ಟು ಖಾಲಿ ಕ್ಯಾನಿನ ತೂಕ ಕಳೆದ. ಸುರಿಯುವ ಮುಂಚೆ ಎಷ್ಟಿತ್ತೆಂದು ಅವನಿಗೆ ನೆನಪಿತ್ತು. ತೂಗದೆ ಸುರಿಯುವ ಜಾತಿ ಅವನದಲ್ಲ. ಅಂಕಿ ಅಲುಗಾಡದೆ ನಿಲ್ಲುವವರೆಗೆ ಎಲ್ಲರೂ ಕಾದರು.

"ತೊಂಬತ್ತು ಗ್ರಾಂ ಕಮ್ಮಿ," ಎಂದು ಓದಿದ.

"ಆ ತೊಂಬತ್ತು ಗ್ರಾಂ?" ಎಂದಳು ಅಕ್ಕ.

ಅವನು ಹಳೆಯ ಬ್ಯಾಟನ್ನು ಎರಡೂ ಕೈಯಲ್ಲಿ ಎತ್ತಿ, ಅಡಿಯನ್ನು ಅವಳ ಕಡೆಗೆ ಮಾಡಿ ಚಾಚಿದ. ತೋಳು ಚಾಚಿದ್ದರಿಂದ ಅದು ಬಹಳ ಭಾರವಾಗಿತ್ತು. ಅಕ್ಕ ಅದನ್ನು ತೆಗೆದುಕೊಳ್ಳಲಿಲ್ಲ.